ಚೌಕ ಸರಿ ಇದೆ, ಅಪ್ಪ-ಅಮ್ಮ ತಪ್ಪು



ಈ ಸಲ ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುವಾಗ ನಾವೇ ಮಾಡಿದ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇವೆ. ನಾವು ಟಿ.ಸಿ.ಎಚ್. ಮುಗಿಸಿ ಆಮೇಲೆ ಬಿ.ಎ. ಮಾಡಿಕೊಂಡವರು. ಜೀವಶಾಸ್ತ್ರ ನಮ್ಮ ವಿಷಯವಲ್ಲ. ಆದರೆ ಗಡಿಯಾಚೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಯಾವ ವಿಷಯ ಯಾರ ಪಾಲಿಗೆ ಬರುತ್ತದೆ ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಹಾಗೆ ಅನುವಂಶೀಯತೆಯ ಪಾಠ ನಮ್ಮ ಪಾಲಿಗೂ ಬಂತು, ಅದರ ಉತ್ತರಪತ್ರಿಕೆಯೂ ಬಂತು.

ಪ್ರಶ್ನೆ ಹೀಗಿತ್ತು. ಒಂದು ಎತ್ತರದ ಬಟಾಣಿ ಗಿಡವನ್ನು ಒಂದು ಗಿಡ್ಡ ಗಿಡದೊಂದಿಗೆ ಸಂಕರಣ ಮಾಡಿದಾಗ ಬಂದ 80 ಗಿಡಗಳಲ್ಲಿ 41 ಎತ್ತರ, 39 ಗಿಡ್ಡ. ತಂದೆತಾಯಿ ಗಿಡಗಳ ಜೀನೋಟೈಪ್ ಬರೆಯಿರಿ, ಪನೆಟ್ ಚೌಕ ಬಿಡಿಸಿ, ಫೀನೋಟೈಪ್ ಅನುಪಾತ ತಿಳಿಸಿ. ನಾಲ್ಕು ಅಂಕ.

ಒಬ್ಬ ಹುಡುಗ ಸ್ಕೇಲು ಇಟ್ಟು ಗೆರೆ ಎಳೆದು ಎರಡು ಚೌಕ ಬಿಡಿಸಿದ್ದ. ಮೇಲೆ TT × tt, ಎಲ್ಲವೂ Tt. ಕೆಳಗೆ Tt × Tt, ಅದರಲ್ಲಿ TT, Tt, Tt, tt. ಕೊನೆಗೆ ಅಡಿಗೆರೆ ಹಾಕಿ 3:1. ನೋಡಲು ಪಠ್ಯಪುಸ್ತಕದ ಪುಟದ ಹಾಗೇ ಇತ್ತು. ನಾವು ಕೊನೆಯ ಸಾಲು ನೋಡಿ ನಾಲ್ಕಕ್ಕೆ ನಾಲ್ಕು ಹಾಕಿದೆವು. ಮುಂದಿನ ಪತ್ರಿಕೆ ಒಬ್ಬ ಹುಡುಗಿಯದು. ಪೆನ್ಸಿಲಿನಲ್ಲಿ ಸೊಟ್ಟ ಚೌಕ, Tt × tt, ಕೆಳಗೆ 2:2. ಇದೇನು 2:2 ಅಂತ ಒಂದು ಅಂಕ ಕತ್ತರಿಸಿ ಮೂರು ಕೊಟ್ಟೆವು.

ಪತ್ರಿಕೆ ಹಂಚಿದ ದಿನ ಆ ಹುಡುಗಿ ಎದ್ದು ನಿಂತಳು. "ಸರ್ರೀ, ಮಕ್ಕಳಾಗ ಅರ್ಧ ಗಿಡ್ಡ ಅದಾವ. ಆ ಎತ್ತರದ ಗಿಡ TT ಇದ್ರ ಒಂದೂ ಗಿಡ್ಡ ಬರಬಾರದಲ್ರೀ? ಅವನಿಗೆ ನಾಲ್ಕು, ನನಗ ಮೂರು ಯಾಕ್ರೀ?"

ನಮ್ಮ ಬಳಿ ಉತ್ತರ ಇರಲಿಲ್ಲ. ಅವಳು ಹೇಳಿದ್ದೇ ಸರಿ. ಹುಡುಗನ ಎರಡೂ ಚೌಕಗಳಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಆ ಚೌಕಗಳು ಈ ಪ್ರಶ್ನೆಯವೇ ಅಲ್ಲ. ಬಾಯಿಪಾಠವಾಗಿದ್ದ ಮೆಂಡಲ್‌ನ ಪ್ರಯೋಗವನ್ನು ಅವನು ಬರೆದಿಟ್ಟಿದ್ದ, ನಾವೂ ಬಾಯಿಪಾಠದಿಂದಲೇ ತಿದ್ದಿದ್ದೆವು. ಇಬ್ಬರ ಕಣ್ಣೂ 3:1ರ ಮೇಲೆ.

ಆ ದಿನದಿಂದ ನಮಗೆ ಅನ್ನಿಸಿದ್ದು ಇಷ್ಟು. ಪನೆಟ್ ಚೌಕದ ಉತ್ತರವನ್ನು ಚೌಕದಿಂದ ತಿದ್ದಬಾರದು. ಅನುಪಾತದಿಂದ ಅಂತೂ ತಿದ್ದಲೇಬಾರದು. ಮೊದಲು ನೋಡಬೇಕಾದ್ದು ಚೌಕದ ಹೊರಗೆ, ಮೇಲಿನ ಸಾಲಿನಲ್ಲಿ ಬರೆದ ತಂದೆತಾಯಿಯ ಅಕ್ಷರಗಳನ್ನು. ಅದು ಯಾಕೆ, ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಈ ಚೌಕ ಮೆಂಡಲ್‌ನದಲ್ಲ. ಗ್ರೆಗರ್ ಮೆಂಡಲ್ ತನ್ನ ಬಟಾಣಿ ಪ್ರಯೋಗಗಳನ್ನು 1866ರಲ್ಲಿ ಪ್ರಕಟಿಸಿದಾಗ ಅಕ್ಷರಗಳನ್ನು ಸಾಲಾಗಿ ಬರೆದಿದ್ದ. ಚೌಕದ ಮನೆ ಕಟ್ಟಿಕೊಟ್ಟವರು ಇಂಗ್ಲೆಂಡಿನ ಕೇಂಬ್ರಿಜ್‌ನ ರೆಜಿನಾಲ್ಡ್ ಪನೆಟ್, ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ. ಅದು ಒಂದು ಲೆಕ್ಕದ ಪಟ್ಟಿ, ಅಷ್ಟೇ. ತಂದೆಯ ಲಿಂಗಾಣುಗಳನ್ನು ಮೇಲೆ, ತಾಯಿಯ ಲಿಂಗಾಣುಗಳನ್ನು ಪಕ್ಕದಲ್ಲಿ ಇಟ್ಟರೆ ಒಳಗಿನ ಮನೆಗಳು ತಾವೇ ತುಂಬುತ್ತವೆ. ಗಿರಣಿಗೆ ಜೋಳ ಹಾಕಿದರೆ ಜೋಳದ ಹಿಟ್ಟು, ಗೋಧಿ ಹಾಕಿದರೆ ಗೋಧಿ ಹಿಟ್ಟು. ನೀನು ಹಾಕಿದ್ದು ತಪ್ಪು ಕಾಳು ಅಂತ ಗಿರಣಿ ಹೇಳುವುದಿಲ್ಲ. ಚೌಕವೂ ಹೇಳುವುದಿಲ್ಲ.

ಹಾಗಾದರೆ ಹಾಕಿದ ಕಾಳು ಸರಿಯೋ ತಪ್ಪೋ ಅಂತ ಯಾರು ಹೇಳಬೇಕು? ಮಕ್ಕಳು ಹೇಳಬೇಕು. ಅಂದರೆ ಪ್ರಶ್ನೆಯಲ್ಲಿ ಕೊಟ್ಟಿರುವ ಮುಂದಿನ ಪೀಳಿಗೆಯ ಗಿಡಗಳು. ಅವುಗಳಲ್ಲೂ ಗಿಡ್ಡ ಗಿಡ, ಅಂದರೆ ದುರ್ಬಲ ಲಕ್ಷಣದ್ದು. ಯಾಕಂದರೆ ಎತ್ತರದ ಗಿಡ ತನ್ನ ಒಳಗನ್ನು ಬಿಟ್ಟುಕೊಡುವುದಿಲ್ಲ. ಅದು TT ಆಗಿರಬಹುದು, Tt ಆಗಿರಬಹುದು, ಹೊರಗಿನಿಂದ ಎರಡೂ ಒಂದೇ. ಗಿಡ್ಡ ಗಿಡಕ್ಕೆ ಮುಚ್ಚಿಡುವುದು ಏನೂ ಇಲ್ಲ. ಅದು tt ಮಾತ್ರ. ಒಂದು t ತಂದೆಯಿಂದ, ಒಂದು t ತಾಯಿಯಿಂದ. ಹಾಗಾಗಿ ಮಕ್ಕಳಲ್ಲಿ ಒಂದೇ ಒಂದು ಗಿಡ್ಡ ಗಿಡ ಕಂಡರೂ ಸಾಕು, ತಂದೆತಾಯಿ ಇಬ್ಬರಲ್ಲೂ ಒಂದೊಂದು t ಇದ್ದೇ ಇದೆ.

ಇದನ್ನು ನಮ್ಮ ಪ್ರಶ್ನೆಗೆ ಹಚ್ಚಿ ನೋಡೋಣ. 39 ಗಿಡ್ಡ ಗಿಡ ಬಂದಿವೆ. ಆದ್ದರಿಂದ ಎರಡೂ ಕಡೆ t ಬೇಕು. ಗಿಡ್ಡ ಪೋಷಕ ಹೇಗೂ tt. ಎತ್ತರದ ಪೋಷಕದಲ್ಲಿ ಒಂದು t ಇರಲೇಬೇಕು, ಆದರೆ ಅದು ಎತ್ತರವಾಗಿರುವುದರಿಂದ ಒಂದು T ಕೂಡ ಇರಲೇಬೇಕು. ಬೇರೆ ದಾರಿಯೇ ಇಲ್ಲ, ಅದು Tt. ಇನ್ನು ಚೌಕ.

```
        t      t
T      Tt     Tt
t      tt     tt
```

ನಾಲ್ಕು ಮನೆಯಲ್ಲಿ ಎರಡು ಎತ್ತರ, ಎರಡು ಗಿಡ್ಡ. ಅನುಪಾತ 1:1. ಪ್ರಶ್ನೆಯ 41 ಮತ್ತು 39 ಇದಕ್ಕೆ ಹತ್ತಿರ. ಹುಡುಗನ ಉತ್ತರದ ಹಾಗೆ ಪೋಷಕರು TT × tt ಆಗಿದ್ದರೆ 80ಕ್ಕೆ 80 ಎತ್ತರ ಬರಬೇಕಿತ್ತು. ಅವನ ಕೆಳಗಿನ ಚೌಕದ 3:1 ನಿಜವಾಗಿದ್ದರೆ ಸುಮಾರು 60 ಎತ್ತರ, 20 ಗಿಡ್ಡ ಇರಬೇಕಿತ್ತು. ಅಷ್ಟೇ ಅಲ್ಲ, Tt × Tt ಅಂದರೆ ಇಬ್ಬರೂ ಪೋಷಕರು ಎತ್ತರ. ಪ್ರಶ್ನೆಯಲ್ಲಿ ಒಬ್ಬರು ಗಿಡ್ಡ ಅಂತ ಬರೆದೇ ಇದೆ. ಅವನ ಮೊದಲ ಸಾಲನ್ನು ಪ್ರಶ್ನೆಯ ಮೊದಲ ಸಾಲಿನ ಪಕ್ಕ ಇಟ್ಟು ನೋಡಿದ್ದರೆ ನಮಗೆ ಹತ್ತು ಸೆಕೆಂಡಿನಲ್ಲಿ ತಿಳಿಯುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಗಿಡ್ಡ ಗಿಡ ಬಂದರೆ ತೀರ್ಮಾನ ಖಚಿತ. ಬಾರದಿದ್ದರೆ ಅಷ್ಟು ಖಚಿತವಲ್ಲ. ಪ್ರಶ್ನೆಯಲ್ಲಿ "ಎತ್ತರದ ಗಿಡವನ್ನು ಗಿಡ್ಡ ಗಿಡದೊಂದಿಗೆ ಸಂಕರಿಸಿದಾಗ ಬಂದ 5 ಗಿಡಗಳೂ ಎತ್ತರ" ಅಂತ ಇದ್ದರೆ ನಾವೆಲ್ಲ ಕೂಡಲೇ TT ಅಂತ ಬರೆಸುತ್ತೇವೆ. ಆದರೆ Tt ಆಗಿದ್ದರೂ ಪ್ರತಿ ಸಲ ಎತ್ತರ ಬರುವ ಸಂಭವ ಅರ್ಧ ಇದೆ. ಐದು ಸಲವೂ ಎತ್ತರವೇ ಬರುವ ಸಂಭವ 32ರಲ್ಲಿ 1. ಕಡಿಮೆಯೇ, ಆದರೆ ಇಲ್ಲವೆನ್ನುವ ಹಾಗಿಲ್ಲ. ಮೆಂಡಲ್‌ನಿಗೂ ಇದೇ ತೊಡಕು ಇತ್ತು. ಎರಡನೇ ಪೀಳಿಗೆಯ ಎತ್ತರದ ಗಿಡಗಳಲ್ಲಿ ಯಾವುದು TT, ಯಾವುದು Tt ಎಂದು ತಿಳಿಯಲು ಅವನು 100 ಗಿಡ ಆರಿಸಿ, ಒಂದೊಂದರಿಂದ 10 ಬೀಜ ತೆಗೆದು ಬಿತ್ತಿದ. 28 ಗಿಡಗಳ ಬೀಜದಿಂದ ಎತ್ತರ ಮಾತ್ರ ಬಂತು, 72ರಿಂದ ಎರಡೂ ಬಂದವು. ಆದರೆ Tt ಗಿಡದ 10 ಬೀಜವೂ ಎತ್ತರವೇ ಆಗಿಬಿಡುವ ಸಂಭವ ನೂರಕ್ಕೆ ಸುಮಾರು 6 ಇದೆ. ಅಂಥವು TT ಲೆಕ್ಕಕ್ಕೆ ಸೇರಿಬಿಡುತ್ತವೆ ಎಂದು ರೊನಾಲ್ಡ್ ಫಿಶರ್ 1936ರಲ್ಲಿ ಎತ್ತಿ ತೋರಿಸಿದರು. ಹಾಗಾಗಿ ಯಾವ ಮಗುವಾದರೂ "TT ಇರಬಹುದು, ಆದರೆ ಗಿಡಗಳು ಕಡಿಮೆ" ಅಂತ ಬರೆದರೆ ದಯವಿಟ್ಟು ಅಂಕ ಕತ್ತರಿಸಬೇಡಿ. ಅದು ಎಲ್ಲರಿಗಿಂತ ಒಳ್ಳೆಯ ಉತ್ತರ.

ಇನ್ನು ಆ ಹುಡುಗಿಯ 2:2ಕ್ಕೆ ಬರೋಣ. ಅದು ತಪ್ಪಲ್ಲ, ಸಂಕ್ಷೇಪ ಮಾಡಿಲ್ಲ ಅಷ್ಟೇ. 2:2 ಅಂದರೂ 1:1 ಅಂದರೂ ಒಂದೇ. ಗಣಿತದ ಮೇಷ್ಟ್ರು ಅರ್ಧ ಅಂಕ ಹಿಡಿದರೆ ಹಿಡಿಯಲಿ, ಜೀವಶಾಸ್ತ್ರದಲ್ಲಿ ಹಿಡಿಯುವಂಥದ್ದೇನಿಲ್ಲ. ಅನುಪಾತದಲ್ಲಿ ನಿಜವಾದ ತಪ್ಪುಗಳು ಬೇರೆಯೇ ಇವೆ, ಅವುಗಳನ್ನು ನಾವು ನೋಡಿಯೂ ನೋಡದ ಹಾಗೆ ದಾಟಿಬಿಡುತ್ತೇವೆ.

ಮೊದಲನೆಯದು, ಒಂದರ ಅನುಪಾತವನ್ನು ಇನ್ನೊಂದರ ಹೆಸರಲ್ಲಿ ಬರೆಯುವುದು. Tt × Tt ಚೌಕದಲ್ಲಿ TT ಒಂದು, Tt ಎರಡು, tt ಒಂದು. ಇದು ಜೀನೋಟೈಪ್ ಅನುಪಾತ, 1:2:1. ಕಣ್ಣಿಗೆ ಕಾಣುವುದು ಎತ್ತರ ಮೂರು, ಗಿಡ್ಡ ಒಂದು. ಇದು ಫೀನೋಟೈಪ್ ಅನುಪಾತ, 3:1. "ಫೀನೋಟೈಪ್ ಅನುಪಾತ 1:2:1" ಅಂತ ಬರೆದ ಮಗುವಿಗೆ ಅಂಕೆ ಗೊತ್ತಿದೆ, ಹೆಸರು ತಪ್ಪಿದೆ ಅಂತ ನಾವು ಅರ್ಧ ಅಂಕ ಕೊಡುತ್ತೇವೆ. ಆದರೆ ಆ ಮಗುವನ್ನು ಒಮ್ಮೆ ಕೇಳಿ ನೋಡಿ: "ಮೂರು ತರದ ಗಿಡ ಅಂತೀಯಲ್ಲ, ಹೊಲದಾಗ ನಿಂತು ಮೂರು ಗುಂಪು ಮಾಡಿ ತೋರಸ್ತೀಯೇನು?" ತೋರಿಸಲಾಗದು. TT ಮತ್ತು Tt ಗಿಡಗಳನ್ನು ಕಣ್ಣು ಬೇರೆ ಮಾಡಲಾರದು. ತಪ್ಪಿದ್ದು ಹೆಸರಲ್ಲ, ಪ್ರಬಲ ಅಂದರೆ ಏನು ಅನ್ನುವ ತಿಳುವಳಿಕೆಯೇ.

ಆದರೆ ಅದೇ 1:2:1 ಒಂದು ಕಡೆ ಫೀನೋಟೈಪ್ ಅನುಪಾತವೂ ಆಗುತ್ತದೆ. ಹಿತ್ತಲಲ್ಲಿ ಬೆಳೆಯುವ ಸಂಜೆ ಮಲ್ಲಿಗೆ, ತೆಲುಗಿನವರು ಚಂದ್ರಕಾಂತ ಅನ್ನುವ ಗಿಡ, ಅದರ ಕೆಂಪು ಹೂವಿನದನ್ನೂ ಬಿಳಿ ಹೂವಿನದನ್ನೂ ಕೂಡಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಗುಲಾಬಿ ಗುಲಾಬಿ ಕೂಡಿದರೆ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಇಲ್ಲಿ ಹೊಲದಲ್ಲಿ ನಿಂತು ಮೂರು ಗುಂಪು ಮಾಡಬಹುದು. ಆದ್ದರಿಂದ 1:2:1 ಕಂಡ ಕೂಡಲೇ ಕೆಂಪು ಗೆರೆ ಎಳೆಯುವುದೂ ಸರಿಯಲ್ಲ. ಲಕ್ಷಣ ಯಾವುದು ಅಂತ ನೋಡಿಯೇ ಎಳೆಯಬೇಕು.

ಎರಡನೆಯದು, ಯಾವುದಕ್ಕೆ ಯಾವುದು ಅಂತ ಹೇಳದೆ ಬರೀ ಅಂಕೆ ಬರೆಯುವುದು. "3:1" ಅಂದರೆ ಏನು? ಎತ್ತರ ಮೂರೋ ಗಿಡ್ಡ ಮೂರೋ? ಒಬ್ಬ ವಿದ್ಯಾರ್ಥಿ "ಗಿಡ್ಡ : ಎತ್ತರ = 3:1" ಎಂದು ಬರೆದಿದ್ದ. ನಮ್ಮ ಕಣ್ಣು ಅಂಕೆಯ ಮೇಲೆ ಇದ್ದುದರಿಂದ ಮೊದಲ ಓದಿಗೆ ಅದೂ ಸರಿ ಅಂತ ದಾಟಿಹೋಗಿತ್ತು. ಹೀಗಾಗಿ ಈಗ ನಮ್ಮ ತರಗತಿಯಲ್ಲಿ ಒಂದು ನಿಯಮ ಮಾಡಿದ್ದೇವೆ. ಅನುಪಾತದ ಮುಂಚೆ ಮಾತು ಇರಬೇಕು. "ಎತ್ತರ : ಗಿಡ್ಡ = 3:1." ಮಾತಿಲ್ಲದ ಅನುಪಾತಕ್ಕೆ ಅಂಕವಿಲ್ಲ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಎಣಿಕೆಯನ್ನು ಅನುಪಾತಕ್ಕೆ ಬಗ್ಗಿಸುವುದು. ಮೆಂಡಲ್‌ನಿಗೆ ಎರಡನೇ ಪೀಳಿಗೆಯಲ್ಲಿ ಸಿಕ್ಕಿದ್ದು 787 ಎತ್ತರ, 277 ಗಿಡ್ಡ. ಭಾಗಿಸಿದರೆ 2.84ಕ್ಕೆ 1. ದುಂಡು ಬೀಜ 5474, ಸುಕ್ಕು ಬೀಜ 1850. ಭಾಗಿಸಿದರೆ 2.96ಕ್ಕೆ 1. ಎಲ್ಲೂ ಸರಿಯಾಗಿ 3 ಬಂದಿಲ್ಲ. ಚೌಕದ ನಾಲ್ಕು ಮನೆ ಅಂದರೆ ನಾಲ್ಕು ಮಕ್ಕಳಲ್ಲ, ಪ್ರತಿ ಮಗುವಿಗೂ ಇರುವ ಸಂಭವದ ಪಾಲು. ನಾಲ್ಕು ಬೀಜ ಬಿತ್ತಿದರೆ ನಾಲ್ಕೂ ಎತ್ತರವಾಗಬಹುದು. "4 ಬೀಜ ಬಿತ್ತಿದರೆ 3 ಎತ್ತರ, 1 ಗಿಡ್ಡ ಬಂದೇ ಬರುತ್ತದೆ" ಎಂಬ ಉತ್ತರಕ್ಕೆ ನಾವು ಎಷ್ಟು ವರ್ಷ ಅಂಕ ಕೊಟ್ಟಿದ್ದೇವೋ ಏನೋ.

ಇಷ್ಟು ಹೇಳಿದ ಮೇಲೆ ನಮ್ಮೂರ ಕಡೆಯ ಒಂದು ಉದಾಹರಣೆ ಹೇಳಲೇಬೇಕು. ಯಾಕಂದರೆ ತಂದೆತಾಯಿಯನ್ನು ತಪ್ಪು ಹಿಡಿಯುವುದು ಅಂದರೆ ಏನು ಅಂತ ನಮಗೆ ಪೂರ್ತಿ ಅರ್ಥವಾದದ್ದು ಬಟಾಣಿಯಿಂದ ಅಲ್ಲ, ಹತ್ತಿಯಿಂದ. ಕೆ.ಟಿ. ದೊಡ್ಡಿ, ಧರೂರು, ಗದ್ವಾಲ ಸೀಮೆಯಲ್ಲಿ ಬಟಾಣಿ ಗಿಡವನ್ನು ಕಂಡ ಮಕ್ಕಳು ಕಡಿಮೆ. ಆದರೆ ಸೀಡ್ ಹತ್ತಿಯ ಹೊಲ ಕಾಣದ ಮಗುವಿಲ್ಲ. ಹೈಬ್ರಿಡ್ ಹತ್ತಿ ಬೀಜ ತಯಾರಾಗುವುದು ಈ ಹೊಲಗಳಲ್ಲೇ. ಹೆಣ್ಣು ಸಾಲಿನ ಗಿಡದಲ್ಲಿ ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಬಿಡಿಸಿ, ಅದರೊಳಗಿನ ಪರಾಗದ ಭಾಗವನ್ನು ಉಗುರಿನಿಂದ ಪೂರ್ತಿ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವನ್ನು ತಂದು ಅದರ ಪರಾಗವನ್ನು ಇಲ್ಲಿ ಒರೆಸುತ್ತಾರೆ. ಇದಕ್ಕೆ ಎಲ್ಲರೂ ಅನ್ನುವುದು ಕ್ರಾಸಿಂಗ್. ಮೆಂಡಲ್ ಬಟಾಣಿಯಲ್ಲಿ ಮಾಡಿದ ಕೈಕೆಲಸವೂ ಇಂಥದ್ದೇ. ಕನ್ನಡಿಗರಿಗೆ ಇದು ಹೊಸದೂ ಅಲ್ಲ, 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಅವರು ಕೊಟ್ಟ ವರಲಕ್ಷ್ಮಿ ಹತ್ತಿಯೂ ಹೀಗೇ ಎರಡು ಜಾತಿ ಕೂಡಿಸಿ ಬಂದದ್ದು.

ನಾವು ತರಗತಿಯಲ್ಲಿ ಒಂದು ಲೆಕ್ಕ ಕೊಟ್ಟೆವು. 2002ರಲ್ಲಿ ದೇಶದಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿಯಲ್ಲಿ ಕಾಯಿಕೊರಕದ ಹುಳಕ್ಕೆ ವಿಷವಾಗುವ ಒಂದು ಜೀನು ಇದೆ. ಒಂದು ಪ್ರತಿ ಇದ್ದರೂ ಗಿಡ ಆ ವಿಷ ತಯಾರಿಸುತ್ತದೆ, ಆದ್ದರಿಂದ ಅದನ್ನು ಪ್ರಬಲ ಅಂತ ಹಿಡಿಯೋಣ. ಬಿಟಿ ಇದ್ದರೆ B, ಇಲ್ಲದಿದ್ದರೆ b. ಗಂಡು ಸಾಲು BB, ಹೆಣ್ಣು ಸಾಲು bb ಎಂದಿಟ್ಟುಕೊಳ್ಳೋಣ. ಪೊಟ್ಟಣದಲ್ಲಿ ಮಾರುವ ಬೀಜ ಯಾವುದು? ರೈತ ಆ ಬೀಜ ಬಿತ್ತಿ, ಬೆಳೆದ ಹತ್ತಿಯಿಂದ ಬೀಜ ಉಳಿಸಿಕೊಂಡು ಮುಂದಿನ ವರ್ಷ ಬಿತ್ತಿದರೆ ಅದು ಯಾವುದು?

ಅರ್ಧ ತರಗತಿ ಮೊದಲ ಪ್ರಶ್ನೆಗೆ Bb × Bb ಬರೆದು 3:1 ತಂದರು. ಇನ್ನರ್ಧ ಎರಡನೇ ಪ್ರಶ್ನೆಗೂ BB × bb ಬರೆದು "ಎಲ್ಲ ಬಿಟಿ" ಅಂದರು. ಎರಡರಲ್ಲೂ ಚೌಕ ಸರಿ. ತಪ್ಪಿದ್ದು ಯಾವ ಪೀಳಿಗೆಗೆ ಯಾರು ಅಪ್ಪ, ಯಾರು ಅಮ್ಮ ಅನ್ನುವುದರಲ್ಲಿ. ಪೊಟ್ಟಣದ ಬೀಜಕ್ಕೆ ಅಪ್ಪ-ಅಮ್ಮ ಸೀಡ್ ಹೊಲದ ಎರಡು ಸಾಲುಗಳು.

```
        B      B
b      Bb     Bb
b      Bb     Bb
```

ಎಲ್ಲ Bb, ಎಲ್ಲ ಬಿಟಿ. ರೈತ ಉಳಿಸಿಕೊಂಡ ಬೀಜಕ್ಕೆ ಅಪ್ಪ-ಅಮ್ಮ ಆ ಸಾಲುಗಳಲ್ಲ, ಅವನ ಹೊಲದಲ್ಲೇ ಬೆಳೆದ Bb ಗಿಡ. ಹತ್ತಿ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆ, ಆದ್ದರಿಂದ ಆ ಒಂದೇ ಗಿಡ ಅಪ್ಪನೂ ಹೌದು ಅಮ್ಮನೂ ಹೌದು.

```
        B      b
B      BB     Bb
b      Bb     bb
```

ಬಿಟಿ ಇರುವುದು : ಇಲ್ಲದ್ದು = 3:1. ಉಳಿಸಿಕೊಂಡ ಬೀಜ ಬಿತ್ತಿದ ಹೊಲದಲ್ಲಿ ಸುಮಾರು ಕಾಲು ಪಾಲು ಗಿಡಕ್ಕೆ ಆ ಜೀನೇ ಇಲ್ಲ. ಪೊಟ್ಟಣದ ಬೀಜ ಎಲ್ಲ ಒಂದೇ ಸಮ ಬಂದಿತ್ತು, ಅದರ ಮಕ್ಕಳು ಯಾಕೆ ಹೆಚ್ಚುಕಡಿಮೆ ಬಂದವು ಅಂತ ಕಟ್ಟೆಯ ಮೇಲೆ ಕೂತು ಮಾತಾಡುವ ಹಿರಿಯರಿಗೆ ಇದೊಂದು ಚೌಕವೇ ಉತ್ತರ. ಎತ್ತರ, ಕಾಯಿಯ ಗಾತ್ರ, ಎಳೆಯ ಉದ್ದ ಇವೆಲ್ಲ ಒಂದೇ ಜೀನಿನ ಮಾತಲ್ಲ, ಅಲ್ಲಿ ಹೆಚ್ಚುಕಡಿಮೆ ಇನ್ನೂ ಜಾಸ್ತಿ. ಗುಲಾಬಿ ಕಾಯಿಕೊರಕ ಈಗ ಬಿಟಿಗೂ ಬಗ್ಗುತ್ತಿಲ್ಲ, ಅದು ಬೇರೆಯೇ ಕಥೆ.

ಆಮೇಲೆ ಇನ್ನೊಂದು ಪ್ರಶ್ನೆ ಹಾಕಿದೆವು. ಸೀಡ್ ಹೊಲದಿಂದ ಬಂದ ಬೀಜವನ್ನು ಪರೀಕ್ಷೆಗೆ ಬೆಳೆಸಿದಾಗ ಅದರಲ್ಲಿ ಕೆಲವು ಗಿಡ bb ಕಂಡವು. ಚೌಕದ ಪ್ರಕಾರ ಎಲ್ಲ Bb ಇರಬೇಕಿತ್ತು. ಏನಾಗಿದೆ?

ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ, ಪರೀಕ್ಷೆಯಲ್ಲಿ ಎಂದೂ ಹತ್ತು ಅಂಕ ದಾಟದವನು, ಕೂತಲ್ಲಿಂದಲೇ ಹೇಳಿದ. "ಮೊಗ್ಗಿ ಸರಿ ಬಿಡಿಸಿಲ್ಲ ತಗೋರಿ ಸರ. ಸೆಲ್ಫ್ ಆಗೇತಿ."

ಅದೇ ಸರಿ ಉತ್ತರ. ಹೆಣ್ಣು ಹೂವಿನಲ್ಲಿ ಸ್ವಲ್ಪ ಪರಾಗ ಉಳಿದುಹೋದರೆ ಅದು ತನಗೆ ತಾನೇ ಅಪ್ಪನಾಗುತ್ತದೆ. bb × bb, ಮಕ್ಕಳೆಲ್ಲ bb. ಗಂಡು ಸಾಲು BB ಅಂತ ನಾವು ಕಾಗದದಲ್ಲಿ ಬರೆದಿದ್ದೇವೆ, ಆದರೆ ಆ ಕಾಯಿಗೆ ಅಪ್ಪ ಗಂಡು ಸಾಲಿನದಲ್ಲ. ದುರ್ಬಲ ಲಕ್ಷಣದ ಒಂದು ಗಿಡ ಕಂಡು ಅಪ್ಪ ಬೇರೆ ಅಂತ ಹೇಳುವುದು, 39 ಗಿಡ್ಡ ಗಿಡ ಕಂಡು ಪೋಷಕ TT ಅಲ್ಲ ಅಂತ ಹೇಳುವುದು, ಎರಡೂ ಒಂದೇ ಯೋಚನೆ. ಇದಕ್ಕೂ ಒಂದು ಮಿತಿ ಇದೆ. ಹೆಣ್ಣು ಸಾಲೇ BB, ಗಂಡು ಸಾಲು bb ಆಗಿದ್ದಿದ್ದರೆ, ಸೆಲ್ಫ್ ಆದ ಬೀಜವೂ BB ಆಗಿ ಬಿಟಿಯಾಗೇ ಕಾಣುತ್ತಿತ್ತು. ಆಗ ಬಿಟಿ ಪರೀಕ್ಷೆಯಿಂದ ತಿಳಿಯುವುದಿಲ್ಲ, ಗಿಡದ ಬೇರೆ ಲಕ್ಷಣ ನೋಡಿಯೇ ಹಿಡಿಯಬೇಕು. ಮುಚ್ಚಿಡುವುದು ಯಾವಾಗಲೂ ಪ್ರಬಲ ಲಕ್ಷಣವೇ.

ಬೆರಕೆ ಬಂತು ಅಂತ ಬೀಜದ ಲಾಟ್ ಫೇಲಾದರೆ ಒಂದು ಮನೆಯ ವರ್ಷದ ದುಡಿಮೆ ಏನಾಗುತ್ತದೆ ಅನ್ನುವುದು ಆ ಹುಡುಗನಿಗೆ ಗೊತ್ತು. ಹಾಗಾಗಿಯೇ ಅವನಿಗೆ ಅಪ್ಪ ಯಾರು ಅನ್ನುವ ಪ್ರಶ್ನೆ ಮೊದಲು ಹೊಳೆಯಿತು. ನಮಗೆ ಅನುಪಾತ ಮೊದಲು ಹೊಳೆದಿತ್ತು. ಅವನ ಉತ್ತರಪತ್ರಿಕೆಯಲ್ಲಿ ಚೌಕದ ಜಾಗ ಖಾಲಿ ಇತ್ತು, ಸೊನ್ನೆ ಬಿದ್ದಿತ್ತು.

ಈಗ ನಮ್ಮ ಅಭಿಪ್ರಾಯ. ಇಂಥ ಪ್ರಶ್ನೆಗೆ ನಾಲ್ಕು ಅಂಕ ಇದ್ದರೆ ಎರಡು ಅಂಕ ಚೌಕದ ಹೊರಗೇ ಇರಬೇಕು. ಪೋಷಕರ ಜೀನೋಟೈಪ್‌ಗೆ ಒಂದು, ಯಾಕೆ ಅದೇ ಅಂತ ಒಂದು ಸಾಲು ಕಾರಣ ಬರೆದುದಕ್ಕೆ ಇನ್ನೊಂದು. "ಮಕ್ಕಳಲ್ಲಿ ಗಿಡ್ಡ ಇವೆ, ಆದ್ದರಿಂದ ಇಬ್ಬರಲ್ಲೂ t ಇದೆ" ಅಂದರೆ ಸಾಕು. ಲಿಂಗಾಣು ಮತ್ತು ಚೌಕಕ್ಕೆ ಒಂದು. ಮಾತಿನ ಸಮೇತ ಬರೆದ ಅನುಪಾತಕ್ಕೆ ಒಂದು. ಪೋಷಕರನ್ನು ತಪ್ಪು ಬರೆದ ಮಗು ಆ ತಪ್ಪಿಗೆ ತಕ್ಕ ಹಾಗೆ ಚೌಕ ಸರಿಯಾಗಿ ತುಂಬಿದ್ದರೆ ಚೌಕದ ಅಂಕ ಅವನಿಗೆ ಸಿಗಬೇಕು, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಬೇಡ. ಆದರೆ ಅನುಪಾತದ ಅಂಕ ಬೇಡ. ಯಾಕಂದರೆ ಬಂದ ಅನುಪಾತವನ್ನು ಪ್ರಶ್ನೆಯ 41 ಮತ್ತು 39ರ ಪಕ್ಕ ಇಟ್ಟು ನೋಡಿದ್ದರೆ ತಪ್ಪು ಅವನಿಗೇ ಕಾಣುತ್ತಿತ್ತು. ನೋಡದೆ ಹೋದದ್ದು ಎರಡನೇ ತಪ್ಪು.

ನಮ್ಮ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. "ಕಟ್ಟು ಕಟ್ಟು ಪೇಪರ್ ಇರ್ತಾವ, ಇಷ್ಟೆಲ್ಲ ಓದಿಕೋತ ಕೂತ್ರ ಮುಗಿಯಂಗಿಲ್ಲ. ಕೊನೀ ಸಾಲು ನೋಡಿ ಹಾಕೋದೇ" ಅಂದರು. ಅವರ ಮಾತಲ್ಲಿ ಸತ್ಯ ಇಲ್ಲದಿಲ್ಲ. ಆದರೆ ನಾವು ಹೇಳುತ್ತಿರುವುದು ಹೆಚ್ಚು ಓದಿ ಅಂತಲ್ಲ, ಬೇರೆ ಜಾಗದಲ್ಲಿ ಓದಿ ಅಂತ. ಕೊನೆಯ ಸಾಲಿನ ಬದಲು ಮೊದಲ ಸಾಲು. ಅಲ್ಲಿ ಪೋಷಕರು ತಪ್ಪಿದ್ದರೆ ಮುಂದಿನದಕ್ಕೆ ಎಷ್ಟು ಕೊಡಬೇಕು ಅಂತ ಆಗಲೇ ಗೊತ್ತಾಗಿಬಿಡುತ್ತದೆ. ಸರಿ ಇದ್ದರೆ ಅನುಪಾತದ ಹಿಂದಿನ ಎರಡು ಮಾತು ನೋಡಿದರೆ ಆಯಿತು. ಸಮಯ ಉಳಿಯುತ್ತದೆಯೇ ಹೊರತು ಹೋಗುವುದಿಲ್ಲ. ಅವರು ಇನ್ನೂ ಒಪ್ಪಿಲ್ಲ.

ಆ ಹುಡುಗಿಗೆ ನಾಲ್ಕನೇ ಅಂಕ ಕೊಟ್ಟು ಎಲ್ಲರೆದುರು ನಮ್ಮ ತಪ್ಪು ಒಪ್ಪಿಕೊಂಡೆವು. ಚಂದದ ಚೌಕದ ಹುಡುಗನ ನಾಲ್ಕನ್ನು ಒಂದು ಮಾಡಬೇಕಾಯಿತು. ಅವನಿಗೆ ಬೇಜಾರಾಯಿತು, ಆದರೆ ಪತ್ರಿಕೆ ಹಿಡಿದುಕೊಂಡು ಬಂದು ಎಲ್ಲಿ ತಪ್ಪಿದೆ ಅಂತ ಕೇಳಿದ. ಅವನ ಎರಡನೇ ಚೌಕದ tt ಮನೆಯ ಮೇಲೆ ಬೆರಳಿಟ್ಟು, "ಈ ಎರಡು t ಎಲ್ಲೆಲ್ಲಿಂದ ಬಂದವು ಹೇಳು" ಅಂದೆವು. ಬೆರಳನ್ನು ಮೇಲೆ ಒಯ್ದ, ಪಕ್ಕಕ್ಕೆ ಒಯ್ದ. ಆಮೇಲೆ ಪ್ರಶ್ನೆಪತ್ರಿಕೆ ತೆಗೆದು 39 ಗಿಡ್ಡ ಅನ್ನುವ ಕಡೆ ನೋಡಿದ. "ಓ, TT ಹೊಂದಂಗಿಲ್ರೀ" ಅಂದ.

ನಿಮ್ಮ ಶಾಲೆಯಲ್ಲಿ ಇನ್ನೂ ಕಟ್ಟು ಬಿಚ್ಚದ ಪತ್ರಿಕೆಗಳಿದ್ದರೆ ಒಂದು ಸಲ ಮೇಲಿನ ಸಾಲಿನಿಂದ ತಿದ್ದಿ ನೋಡಿ. ನಾವು ಹಳೆಯ ಕಟ್ಟು ಮತ್ತೆ ಬಿಚ್ಚಿ ಕೂತಿದ್ದೇವೆ. ಖಾಲಿ ಚೌಕದ ಆ ಹುಡುಗನಿಗೆ ಬಾಯಿಂದ ಹೇಳಿದ ಉತ್ತರಕ್ಕೆ ಎಷ್ಟು ಕೊಡಬೇಕು ಅನ್ನುವುದು ಮಾತ್ರ ನಮಗೆ ಇನ್ನೂ ಬಗೆಹರಿದಿಲ್ಲ.